ಮಂಗಟ್ಟೆ ಮ್ಯಾಸ್ಕಾಟ್ ಶೀಟ್: ಮೂರು ವರ್ಷ ಬಳಸಿದ ಮೇಲೆ ಬರೆಯುತ್ತಿರುವುದು

ಶಿರಸಿ ಹತ್ತಿರ ನಮ್ಮದೊಂದು ಸಣ್ಣ ಗೃಹೋದ್ಯಮ. ಮುರುಗಲ ಸಿರಪ್, ಅಪ್ಪೆಮಿಡಿ ಉಪ್ಪಿನಕಾಯಿ, ತೊಡದೇವು ಮಾರುತ್ತೇವೆ. ನಮ್ಮ ಗುರುತು ಹೆಗಲಿಗೆ ಚೀಲ ಹಾಕಿಕೊಂಡ ಒಂದು ದೊಡ್ಡ ಮಂಗಟ್ಟೆ ಹಕ್ಕಿ. 2023ರ ಮಳೆಗಾಲದಲ್ಲಿ ಹುಬ್ಬಳ್ಳಿಯ ಒಬ್ಬ ಡಿಸೈನರ್ ಹತ್ತಿರ ಇದರ ಪೂರ್ತಿ ಮ್ಯಾಸ್ಕಾಟ್ ಶೀಟ್, ಅಂದರೆ ಹಕ್ಕಿಯ ಎಲ್ಲಾ ನೋಟ, ಅಳತೆ, ಬಣ್ಣ ಬರೆದಿಟ್ಟ ಹಾಳೆ, ಮಾಡಿಸಿದೆವು. ಹದಿನೆಂಟು ಸಾವಿರ ಕೊಟ್ಟೆವು. ಬರೀ ಚಿತ್ರಕ್ಕೆ ಇಷ್ಟಾ ಅಂತ ಮನೆಯಲ್ಲಿ ಕೇಳಿದ್ದರು. ಆದರೆ ನಮಗೆ ಬೇಕಿದ್ದದ್ದು ಚಿತ್ರ ಅಲ್ಲ. ಬೇರೆ ಊರಿನ ಯಾರೋ ಒಬ್ಬರು ನಮಗೆ ಫೋನ್ ಮಾಡದೆ ಇದೇ ಹಕ್ಕಿಯನ್ನು ಬರೆಯಬೇಕು, ಅದಕ್ಕೆ ಬೇಕಾದ ಅಳತೆ ನಮ್ಮ ಕೈಯಲ್ಲಿರಬೇಕು. ಆ ಕೆಲಸವನ್ನು ಶೀಟ್ ಎಷ್ಟರ ಮಟ್ಟಿಗೆ ಮಾಡಿದೆ ಅಂತ ಮಾತ್ರ ಇಲ್ಲಿ ಹೇಳುತ್ತೇನೆ.

ಮೊದಲು ಅಳತೆ. ಈ ಶೀಟ್‌ನಲ್ಲಿ ನನಗೆ ಅತೀ ಇಷ್ಟವಾದ ಭಾಗ ಇದೇ. ಎಲ್ಲಾ ಅಳತೆಯೂ ತಲೆಯಿಂದ ಶುರು. ಕೊಕ್ಕು ಬಿಟ್ಟು ತಲೆಯ ದುಂಡು ಅಂದರೆ ಒಂದು ಪಾಲು. ನಿಂತ ಹಕ್ಕಿಯ ಎತ್ತರ ಮೂರು ಪಾಲು. ಪಕ್ಕದಿಂದ ನೋಡಿದಾಗ ಕೊಕ್ಕು ಒಂದೂಕಾಲು ಪಾಲು, ಅದರ ಮೇಲಿನ ಉಬ್ಬು ಕೊಕ್ಕಿನ ಅರ್ಧ ಉದ್ದ. ಮುಕ್ಕಾಲು ತಿರುಗಿ ನಿಂತಾಗ ಕೊಕ್ಕು ನಮ್ಮ ಕಡೆ ಚಾಚುವುದರಿಂದ ಗಿಡ್ಡ ಕಾಣುತ್ತದೆ, ಅದಕ್ಕೆ ಬೇರೆ ಅಳತೆ ಕೊಟ್ಟಿದ್ದಾರೆ. ನೇರ ಎದುರಿನ ನೋಟವೂ ಶೀಟ್‌ನಲ್ಲಿದೆ, ಆದರೆ ಪಕ್ಕದಲ್ಲೇ ‘ಬರೆಯುವವರ ತಿಳಿವಳಿಕೆಗೆ ಮಾತ್ರ, ಅಚ್ಚಿಗೆ ಅಲ್ಲ’ ಅಂತ ಬರೆದಿದ್ದಾರೆ. ಸರಿಯಾದ ಮಾತು. ಎದುರಿನಿಂದ ಕೊಕ್ಕು ಬರೀ ಗಡ್ಡೆಯ ಹಾಗೆ ಕಾಣುತ್ತದೆ, ಮಂಗಟ್ಟೆ ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಒಟ್ಟು ಎತ್ತರದ ಬದಲು ತಲೆಯಿಂದ ಯಾಕೆ ಅಳೆಯಬೇಕು? ಹಾರುವ ಹಕ್ಕಿಗೆ, ಕೂತ ಹಕ್ಕಿಗೆ, ಬಗ್ಗಿದ ಹಕ್ಕಿಗೆ ನಿಂತ ಎತ್ತರ ಅನ್ನುವುದೇ ಇಲ್ಲ. ಪೋಸ್ ಯಾವುದಾದರೂ ಬದಲಾಗದೆ ಇರುವುದು ತಲೆ ಮತ್ತು ಕೊಕ್ಕು. ಕೂತ ಹಕ್ಕಿಯನ್ನೂ ನಿಂತ ಹಕ್ಕಿಯಷ್ಟೇ ಎತ್ತರ ಮಾಡಲು ಹೋದರೆ ತಲೆ ದಪ್ಪ ಆಗುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಅಪ್ಪ-ಮಗನ ಹಾಗೆ ಕಾಣುತ್ತವೆ.

ಇದು ನಿಜವಾಗಿ ಪರೀಕ್ಷೆಗೆ ಬಂದದ್ದು ಕಾರವಾರದಲ್ಲಿ. ಅಲ್ಲಿ ನಮ್ಮ ಸಾಮಾನು ಮಾರುವ ಒಂದು ಅಂಗಡಿಯ ಹೊರಗೋಡೆಗೆ ಆರು ಅಡಿಯ ಮಂಗಟ್ಟೆ ಬರೆಸಬೇಕಿತ್ತು. ಪೇಂಟರ್ ಮನೆಮಾತು ಕೊಂಕಣಿ, ನಾನು ಫೋನಿನಲ್ಲಿ ಏನೇನೋ ವಿವರಿಸಲು ಹೊರಟಿದ್ದೆ. ಅವರು ‘ಬೇಡ ಅಕ್ಕಾ, ಹಾಳೆ ಕಳಿಸಿ ಸಾಕು’ ಅಂದರು. ಆರು ಅಡಿ ಅಂದರೆ ಎಪ್ಪತ್ತೆರಡು ಇಂಚು, ಮೂರು ಪಾಲು ಮಾಡಿದರೆ ತಲೆ ಇಪ್ಪತ್ನಾಲ್ಕು ಇಂಚು. ಗೋಡೆಗೆ ಒಂದು ಮೊಳೆ ಹೊಡೆದು, ಹನ್ನೆರಡು ಇಂಚಿನ ದಾರಕ್ಕೆ ಸೀಮೆಸುಣ್ಣ ಕಟ್ಟಿ ಮೊದಲು ತಲೆಯ ದುಂಡು ಎಳೆದರು. ಅಲ್ಲಿಂದ ಮೂವತ್ತು ಇಂಚಿನ ಕೊಕ್ಕು, ಹದಿನೈದು ಇಂಚಿನ ಉಬ್ಬು. ಕಣ್ಣು ಎಲ್ಲಿ ಬರಬೇಕು ಅಂತಲೂ ದುಂಡಿನ ನಡುಗೆರೆಯಿಂದ ಅಳತೆ ಇತ್ತು. ಫೋಟೋ ಬಂದಾಗ ನಾನು ಅದನ್ನು ಶೀಟ್‌ನ ಚಿತ್ರದ ಮೇಲೆ ಅರೆಪಾರದರ್ಶಕ ಮಾಡಿ ಇಟ್ಟು ನೋಡಿದೆ. ತಲೆಯ ದುಂಡು ಸರಿಹೊಂದಿಸಿದ ಕೂಡಲೇ ಕೊಕ್ಕಿನ ತುದಿಯೂ ತಾನಾಗಿ ಕೂತಿತು. ಯಾರು ಬರೆದು ಕೊಟ್ಟರೂ ಈಗ ನಾನು ಹೀಗೇ ನೋಡುವುದು.

ಎಡ-ಬಲದ ವಿಷಯ ತುಂಬಾ ಜನ ಗಮನಿಸುವುದಿಲ್ಲ. ನಮ್ಮ ಹಕ್ಕಿಯ ಚೀಲ ಎಡ ಹೆಗಲಿಗೆ, ಚೀಲದ ಮೇಲೆ ‘ಮು’ ಅಂತ ಅಕ್ಷರ. 2024ರ ಮಾರಿಕಾಂಬಾ ಜಾತ್ರೆಯ ಮಳಿಗೆಗೆ ಎರಡು ಕಂಬದ ಮೇಲೆ ಎದುರುಬದುರು ಹಕ್ಕಿ ಬೇಕಿತ್ತು. ಸುಮ್ನೆ ಮಿರರ್ ಮಾಡಿದರೆ ಚೀಲ ಬಲಕ್ಕೆ ಹೋಗುತ್ತದೆ, ಅಕ್ಷರ ತಿರುಗಾಮುರುಗಾ ಆಗುತ್ತದೆ. ಶೀಟ್‌ನಲ್ಲಿ ಎಲ್ಲಾ ಪೋಸ್‌ಗೂ ಎಡಮುಖ, ಬಲಮುಖ ಬೇರೆ ಬೇರೆ ಬರೆದಿದ್ದರು. ಒಂದರಲ್ಲಿ ಚೀಲ ಮುಂದೆ ಕಾಣುತ್ತದೆ, ಇನ್ನೊಂದರಲ್ಲಿ ಹಕ್ಕಿಯ ಹಿಂದೆ ಮರೆಯಾಗಿ ಪಟ್ಟಿ ಮಾತ್ರ ಕಾಣುತ್ತದೆ. ಫ್ಲೆಕ್ಸ್ ಅಂಗಡಿಯವರು ಎರಡು ಫೈಲ್ ಎತ್ತಿಕೊಂಡರು, ಅಷ್ಟೇ. ಹಿಂಬದಿಯ ನೋಟವೂ ಇದೆ. ದೊಡ್ಡ ಮಂಗಟ್ಟೆಯ ಬಿಳಿ ಬಾಲಕ್ಕೆ ಅಡ್ಡ ಒಂದು ಕಪ್ಪು ಪಟ್ಟೆ ಇರುತ್ತದೆ, ಅದು ತುದಿಯಿಂದ ಎಷ್ಟು ದೂರ ಅಂತ ಅಲ್ಲಿ ನೋಡಿದರೇ ತಿಳಿಯುವುದು.

ಬಣ್ಣದಲ್ಲಿ ಮಾತ್ರ ಶೀಟ್ ಅರ್ಧಕ್ಕೆ ನಿಂತಿತ್ತು. ಕೊಕ್ಕಿನ ಹಳದಿಗೆ ಪರದೆಯ ಮೇಲೆ #FDB714, ಅಚ್ಚಿಗೆ ಸಿಎಂವೈಕೆಯಲ್ಲಿ, ಅಂದರೆ ಅಚ್ಚಿನ ನಾಲ್ಕು ಬಣ್ಣದ ಶಾಯಿಯ ಲೆಕ್ಕದಲ್ಲಿ, 0, 31, 98, 0 ಅಂತ ಕೊಟ್ಟಿದ್ದರು. ಲೇಬಲ್ ಬಿಳಿ ಕಾಗದದ ಮೇಲೆ ಚೆನ್ನಾಗಿಯೇ ಬಂತು. ಮರುವರ್ಷ ತೊಡದೇವಿಗೆ ಕಂದು ಕ್ರಾಫ್ಟ್ ಕಾಗದದ ಪೌಚ್ ಮಾಡಿಸಿದಾಗ ಸ್ಯಾಂಪಲ್ ನೋಡಿ ಬೇಜಾರಾಯಿತು. ಕೊಕ್ಕು ಬೆಲ್ಲದ ಬಣ್ಣಕ್ಕೆ ತಿರುಗಿತ್ತು, ಬಿಳಿ ಬಾಲ ಇರಲೇ ಇಲ್ಲ. ಕಾರಣ ಸರಳ. ಅಚ್ಚಿನ ಶಾಯಿ ಪಾರದರ್ಶಕ, ಕೆಳಗಿನ ಕಾಗದದ ಬಣ್ಣ ಅದರ ಮೂಲಕ ಹಾದು ಬರುತ್ತದೆ. ಬಿಳಿ ಅನ್ನುವ ಶಾಯಿ ಆ ನಾಲ್ಕು ಬಣ್ಣದಲ್ಲಿ ಇಲ್ಲ. ಬಿಳಿ ಅಂದರೆ ಅಲ್ಲಿ ಏನೂ ಅಚ್ಚಾಗಿಲ್ಲ ಅಂತ ಅರ್ಥ, ಕಂದು ಕಾಗದದ ಮೇಲೆ ಅದು ಕಂದೇ ಆಗುತ್ತದೆ.

ಡಿಸೈನರ್‌ಗೆ ಹೇಳಿದೆವು. ಹೆಚ್ಚಿಗೆ ಹಣ ಕೇಳದೆ ಪ್ರತಿ ಪೋಸ್‌ಗೂ ಬಿಳಿಯದೇ ಒಂದು ಬೇರೆ ಪದರ ಮಾಡಿಕೊಟ್ಟರು. ಮೊದಲು ಬಿಳಿ ಅಚ್ಚಾಗುತ್ತದೆ, ಅದರ ಮೇಲೆ ಬಣ್ಣ. ಈ ಬಿಳಿ ಪದರದ ಅಂಚನ್ನು ಬಣ್ಣಕ್ಕಿಂತ ಕೂದಲೆಳೆಯಷ್ಟು ಒಳಗೆ ತೆಗೆದುಕೊಂಡಿರುತ್ತಾರೆ. ಇಲ್ಲದಿದ್ದರೆ ಅಚ್ಚು ಸ್ವಲ್ಪ ಜರುಗಿದರೂ ಹಕ್ಕಿಯ ಸುತ್ತ ಬಿಳಿ ಗೆರೆ ಇಣುಕುತ್ತದೆ. ಗಾಜಿನ ಬಾಟಲಿಗೆ ಪಾರದರ್ಶಕ ಸ್ಟಿಕ್ಕರ್ ಹಾಕುವವರಿಗೂ ಇದೇ ಬೇಕು. ಶೀಟ್ ಮಾಡಿಸುವಾಗಲೇ ‘ಬಿಳಿ ಅಲ್ಲದ ಕಾಗದಕ್ಕೆ ಏನು’ ಅಂತ ಕೇಳಿ.

ಗೋಡೆಗೆ ಬಳಿಯುವ ಬಣ್ಣದ ಸಂಖ್ಯೆಯೂ ಇರಲಿಲ್ಲ. ಪೇಂಟರ್‌ಗೆ ಸಿಎಂವೈಕೆ ಕೊಟ್ಟರೆ ಏನೂ ಪ್ರಯೋಜನವಿಲ್ಲ, ಅವರಿಗೆ ಬೇಕಾದ್ದು ಪೇಂಟ್ ಕಂಪನಿಯ ಶೇಡ್ ಕಾರ್ಡ್ ನಂಬರ್. ಮೊಬೈಲ್ ಪರದೆ ನೋಡಿ ಬಣ್ಣ ಕಲಸಿದರೆ ಒಂದೊಂದು ಫೋನಿಗೆ ಒಂದೊಂದು ಹಳದಿ. ಕೊನೆಗೆ ನಾನು ಅಚ್ಚಾದ ಲೇಬಲ್ಲನ್ನೇ ಅಂಚೆಯಲ್ಲಿ ಕಳಿಸಿದೆ. ಅವರು ಅದನ್ನು ಬಿಸಿಲಿಗೆ ಹಿಡಿದು ಶೇಡ್ ಕಾರ್ಡ್ ಜೊತೆ ಹೋಲಿಸಿ ನಂಬರ್ ಹೇಳಿದರು. ಅಂಗಡಿಯೊಳಗಿನ ಟ್ಯೂಬ್‌ಲೈಟ್‌ನಲ್ಲಿ ಒಂದೇ ಥರ ಕಂಡದ್ದು ಹೊರಗೆ ಬೇರೆಯೇ ಕಾಣುತ್ತದೆ, ಅಲ್ವಾ. ಆ ನಂಬರ್ ಈಗ ನಮ್ಮ ಶೀಟ್‌ನಲ್ಲಿದೆ.

ಸಣ್ಣ ಗಾತ್ರದ್ದು ಬೇಗ ಹೇಳಿಬಿಡುತ್ತೇನೆ. ಇಪ್ಪತ್ತು ಮಿಲಿಮೀಟರ್‌ಗಿಂತ ಚಿಕ್ಕದಾದರೆ ಇಡೀ ಹಕ್ಕಿ ಬೇಡ, ತಲೆ ಮಾತ್ರ ಹಾಕಿ ಅಂತ ಶೀಟ್‌ನಲ್ಲಿ ನಿಯಮ ಇದೆ. ಆ ತಲೆಯ ಗೆರೆಗಳನ್ನು ದಪ್ಪ ಮಾಡಿ, ಸಣ್ಣ ವಿವರ ತೆಗೆದು ಬೇರೆಯೇ ಬರೆದಿದ್ದಾರೆ. ರಟ್ಟಿನ ಪೆಟ್ಟಿಗೆಗೆ ಒತ್ತುವ ಒಂದೇ ಬಣ್ಣದ ಸೀಲಿಗೂ ಅದೇ ತಲೆ ಬಳಸುತ್ತೇವೆ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಕಳೆದದ್ದು ಬಣ್ಣಕ್ಕೆ. ಮಾಡಿಸುವವರು ಪಿಎನ್‌ಜಿ ಚಿತ್ರಕ್ಕೆ ಒಪ್ಪಬೇಡಿ, ಎಷ್ಟು ದೊಡ್ಡದು ಮಾಡಿದರೂ ಒಡೆಯದ ವೆಕ್ಟರ್ ಮೂಲ ಫೈಲ್ ಕೇಳಿ. ಜೊತೆಗೆ ಚಿತ್ರದ ಹಕ್ಕನ್ನು ನಿಮಗೆ ವಹಿಸಿಕೊಟ್ಟ ಸಹಿ ಪತ್ರ ಬೇಕೇ ಬೇಕು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬಾಯಿಮಾತಿನ ವಹಿಸಿಕೊಡುವಿಕೆ ನಡೆಯುವುದಿಲ್ಲ. ಪತ್ರದಲ್ಲಿ ಅವಧಿ ಬರೆಯದಿದ್ದರೆ ಐದೇ ವರ್ಷ ಅಂತ ಲೆಕ್ಕ, ಆದ್ದರಿಂದ ಹಕ್ಕು ಇರುವಷ್ಟೂ ಕಾಲ ಅಂತ ಸ್ಪಷ್ಟವಾಗಿ ಬರೆಸಿಕೊಳ್ಳಿ.