ಠೇವಣಿಯೋ ಪಿಪಿಎಫೋ?

ಬದಿಯಡ್ಕದಲ್ಲಿ ಶಿಕ್ಷಕಿಯಾಗಿರುವ ತಂಗಿ ಕೇಳಿದ್ದಳು: ಒಂದು ಲಕ್ಷ ರೂಪಾಯಿ ಎಲ್ಲಿಡಲಿ?

ನಿಶ್ಚಿತ ಠೇವಣಿಗೆ ಶೇ 7 ಬಡ್ಡಿ ಎಂದುಕೊಳ್ಳೋಣ. ವರ್ಷಕ್ಕೆ 7,000 ರೂಪಾಯಿ. ಅವಳು ಶೇ 30ರ ತೆರಿಗೆ ಹಂತದಲ್ಲಿದ್ದಾಳೆ. ಸೆಸ್ ಸೇರಿ 2,184 ಹೋಗುತ್ತದೆ. ಕೈಯಲ್ಲಿ 1,04,816. ಬೆಲೆಯೇರಿಕೆ ಶೇ 5 ಆದರೆ ಇಂದಿನ ಲಕ್ಷದ ಸಾಮಾನಿಗೆ ಆಗ 1,05,000 ಬೇಕು. ಬಡ್ಡಿ ಬಂದರೂ 184 ರೂಪಾಯಿ ಕಡಿಮೆ! ಬ್ಯಾಂಕ್ ಮೂಲದಲ್ಲೇ ಪೂರ್ತಿ ತೆರಿಗೆ ಕಡಿತಗೊಳಿಸದಿರುವುದರಿಂದ ಈ ನಷ್ಟ ಕಣ್ಣಿಗೆ ಬೀಳುವುದಿಲ್ಲ.

ಸಾರ್ವಜನಿಕ ಭವಿಷ್ಯ ನಿಧಿ, ಅಂದರೆ ಪಿಪಿಎಫ್‌ನ ಶೇ 7.1 ಬಡ್ಡಿಗೆ ತೆರಿಗೆಯಿಲ್ಲ. 1.071 ಅನ್ನು 1.05ರಿಂದ ಭಾಗಿಸಿದರೆ ನೈಜ ಗಳಿಕೆ ಶೇ 2. ಆದರೆ ಹದಿನೈದು ವರ್ಷದ ಬಂಧನ.

ಎರಡು ವರ್ಷದಲ್ಲಿ ಮನೆ ಕಟ್ಟುವುದಾದರೆ ಠೇವಣಿಯೇ ಸರಿ. ನಿವೃತ್ತಿಗಾದರೆ ಪಿಪಿಎಫ್. ತೆರಿಗೆ ಬಾರದ ಅಪ್ಪನಿಗೆ ಠೇವಣಿಯಲ್ಲೂ ಶೇ 1.9 ಉಳಿಯುತ್ತದೆ.