ಹಳೇ ಬಾಕಿಯೋ, ದೊಡ್ಡ ಬಾಕಿಯೋ, ಈಗಷ್ಟೇ ಗಡುವು ದಾಟಿದ ಬಾಕಿಯೋ: ಒಂದೇ ರಿಪೋರ್ಟ್ ಹಿಡಿದು ಮೂರು ಥರ ವಸೂಲಿ ಮಾಡಿ ನೋಡಿದೆ

ಪೀಣ್ಯದಲ್ಲಿ ರಟ್ಟಿನ ಬಾಕ್ಸ್ ಮಾಡುವ ಒಂದು ಸಣ್ಣ ಯೂನಿಟ್‌ನಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಜೂನ್ 30ಕ್ಕೆ ನಮಗೆ ಬರಬೇಕಿದ್ದ ಬಿಲ್‌ಗಳ ಮೊತ್ತ 18,40,000 ರೂಪಾಯಿ. ಟ್ಯಾಲಿ ಸಾಫ್ಟ್‌ವೇರ್‌ನಲ್ಲಿ ಏಜಿಂಗ್ ರಿಪೋರ್ಟ್, ಅಂದರೆ ಯಾವ ಬಾಕಿ ಎಷ್ಟು ದಿನದ್ದು ಅಂತ ಹಂಚಿ ತೋರಿಸುವ ಪಟ್ಟಿ, ತೆಗೆದರೆ ಹೀಗಿತ್ತು: 30 ದಿನದ ಒಳಗಿನದು 7,20,000, 30ರಿಂದ 60 ದಿನದ್ದು 4,60,000, 60ರಿಂದ 90ರದ್ದು 2,70,000, 90 ದಾಟಿದ್ದು 3,90,000. ಕೊನೆಯ ಕಾಲಂ ನೋಡಿ ನಮ್ಮ ಓನರ್ ಮುಖ ಕೆಂಪಾಯಿತು. "ಮೊದಲು ಇದನ್ನ ಎತ್ತಿಸಮ್ಮ" ಅಂದರು.

ಸರಿ, ಮೊದಲ ವಾರ ಹಳೇ ಬಾಕಿಯಿಂದಲೇ ಶುರು ಮಾಡಿದೆ. ಅದರಲ್ಲಿ ತೀರಾ ಹಳೆಯದು 3,30,000. ಬಿಚ್ಚಿ ನೋಡಿದರೆ ಒಳಗೆ ಮೂರೇ ಪಾರ್ಟಿ. ಒಬ್ಬರು 80,000 ಯಾವತ್ತೋ ಕಟ್ಟಿದ್ದರು. ರಸೀದಿ ಹಾಕುವಾಗ ನಾವೇ `Agst Ref` ಕೊಟ್ಟು ಬಿಲ್‌ಗೆ ಹೊಂದಿಸುವ ಬದಲು `On Account` ಅಂತ ಬಿಟ್ಟಿದ್ದೆವು. ಹಾಗಾಗಿ ದುಡ್ಡು ಒಂದು ಕಡೆ, ಬಿಲ್ ಇನ್ನೊಂದು ಕಡೆ. ಪಾಪ, ಅವರಿಗೆ ಫೋನ್ ಮಾಡಿ ಬೈಸಿಕೊಂಡಿದ್ದೂ ನಾನೇ. ಇನ್ನೊಬ್ಬರದು 1,20,000. ಅವರು ಶೆಡ್ ಖಾಲಿ ಮಾಡಿಕೊಂಡು ಹೋಗಿದ್ದಾರೆ, ಫೋನ್ ಎತ್ತುವುದಿಲ್ಲ. ಉಳಿದ 1,30,000 ಜಗಳದ ಬಿಲ್: ಜನವರಿಯಲ್ಲಿ ಬಾಕ್ಸ್ ಒದ್ದೆಯಾಗಿ ಬಂತು ಅಂತ ಅವರು ಹೇಳುತ್ತಾರೆ, ಒಣಗೇ ಇತ್ತು ಅಂತ ನಮ್ಮ ಡ್ರೈವರ್ ಹೇಳುತ್ತಾನೆ. ಆಗ ಸ್ಟೋರ್ಸ್‌ನಲ್ಲಿದ್ದವರು ಕೆಲಸ ಬಿಟ್ಟಿದ್ದಾರೆ, ಬಾಕ್ಸ್‌ಗಳು ಗುಜರಿಗೆ ಹೋಗಿವೆ. ಒಂದು ವಾರ ಗಂಟಲು ಒಣಗಿಸಿಕೊಂಡರೂ ಬ್ಯಾಂಕಿಗೆ ಒಂದು ರೂಪಾಯಿ ಬರಲಿಲ್ಲ. ನಮ್ಮ ಪುಸ್ತಕ ಮಾತ್ರ ಸ್ವಲ್ಪ ಶುದ್ಧವಾಯಿತು.

ಎರಡನೇ ವಾರ ದೊಡ್ಡ ಮೊತ್ತದಿಂದ ಕೆಳಗೆ ಬಂದೆ. ಪಟ್ಟಿಯ ತುದಿಯಲ್ಲಿದ್ದ ಪಾರ್ಟಿ 4,20,000 ಕೊಡಬೇಕಿತ್ತು. ಫೋನ್ ಮಾಡಿದರೆ, "ಮೇಡಂ, ನಮ್ಮ ಪಿಒದಲ್ಲಿ 60 ದಿನ ಅಂತ ಇದೆ. ಒಂದು ಬಿಲ್ಲೂ ಡ್ಯೂ ಆಗಿಲ್ಲ, ಯಾಕೆ ಈಗ್ಲೇ ಕೇಳ್ತಿದ್ದೀರಿ?" ಅಂದರು. ಪಿಒ ಅಂದರೆ ಅವರು ನಮಗೆ ಕೊಟ್ಟ ಪರ್ಚೇಸ್ ಆರ್ಡರ್. ಉತ್ತರ ಕೊಡಲು ನನಗೆ ಬಾಯಿ ಬರಲಿಲ್ಲ. ಮೊತ್ತ ದೊಡ್ಡದು ಅಂದರೆ ವ್ಯಾಪಾರ ಜಾಸ್ತಿ ಅಂತ ಅರ್ಥ, ಅಷ್ಟೇ. ತಡವಾಗಿದೆಯೋ ಇಲ್ಲವೋ ಅನ್ನೋದನ್ನ ಅದು ಹೇಳುವುದಿಲ್ಲ.

ಆ ಫೋನ್ ಆದಮೇಲೆ ರಿಪೋರ್ಟನ್ನೇ ತಿರುಗಿಸಿದೆ. ಟ್ಯಾಲಿಯಲ್ಲಿ `Ageing by Bill Date` ಮತ್ತು `Ageing by Due Date` ಅಂತ ಎರಡು ಆಯ್ಕೆ ಇವೆ. ನಾವು ವರ್ಷಗಟ್ಟಲೆ ಮೊದಲನೆಯದನ್ನೇ ನೋಡುತ್ತಿದ್ದೆವು. ಎರಡನೆಯದು ಸರಿಯಾಗಿ ಬರಬೇಕಾದರೆ ಪ್ರತಿ ಪಾರ್ಟಿಯ ಲೆಡ್ಜರ್‌ನಲ್ಲಿ ಕ್ರೆಡಿಟ್ ದಿನ, ಅಂದರೆ ಹಣ ಕೊಡಲು ಅವರಿಗೆ ಎಷ್ಟು ದಿನ ಸಮಯ ಅನ್ನೋದು, ತುಂಬಿರಬೇಕು. ಖಾಲಿ ಬಿಟ್ಟರೆ ಬಿಲ್ ತಾರೀಖೇ ಡ್ಯೂ ತಾರೀಖು ಆಗಿಬಿಡುತ್ತದೆ. ಎರಡೂ ರಿಪೋರ್ಟ್ ಒಂದೇ ಥರ ಕಂಡರೆ ಕಾರಣ ಅದೇ ಅಂದುಕೊಳ್ಳಿ. ಬಿಲ್ ಹಾಕಿಯಾದ ಮೇಲೆ ಲೆಡ್ಜರ್ ತುಂಬಿದರೆ ಹಳೇ ಬಿಲ್‌ಗಳನ್ನೂ ಒಮ್ಮೆ ನೋಡಬೇಕು. ನಮ್ಮಲ್ಲಿ 30, 45, 60 ದಿನದ ಪಾರ್ಟಿಗಳಿದ್ದಾರೆ. ಪಿಒ ನೋಡಿಕೊಂಡು ತುಂಬಲು ಅರ್ಧ ದಿನ ಹಿಡಿಯಿತು.

ಹೋಲಿಸಲು ಆ 80,000ವನ್ನೂ ಸೇರಿಸಿಯೇ ನೋಡಿದರೆ, ಅದೇ 18,40,000 ಈಗ ಬೇರೆ ಚಿತ್ರ ಕೊಟ್ಟಿತು. 10,10,000 ಇನ್ನೂ ಡ್ಯೂ ಆಗೇ ಇಲ್ಲ. ಗಡುವು ದಾಟಿ 30 ದಿನದೊಳಗಿನದು 3,60,000. ಗಡುವು ದಾಟಿ 31ರಿಂದ 60 ದಿನ ಆಗಿದ್ದು 1,40,000. ಅದಕ್ಕೂ ಹಳೆಯದು ಆ ಮೂರು ಪಾರ್ಟಿಯ 3,30,000. ಮೂರನೇ ವಾರದಿಂದ 3,60,000ದ ಕಾಲಂ ಹಿಡಿದೆ. ಐದು ಬಿಲ್: 95,000, 85,000, 70,000, 60,000, 50,000.

95,000ದ ಬಿಲ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಅವರ ಅಕೌಂಟ್ಸ್‌ಗೆ ಫೋನ್ ಮಾಡಿ "ಪೇಮೆಂಟ್ ಯಾವಾಗ?" ಅಂತ ಕೇಳಿದ್ದರೆ "ಮುಂದಿನ ವಾರ" ಅನ್ನೋ ಉತ್ತರ ಬರುತ್ತಿತ್ತು. ನಾನು "ನಮ್ಮ ಬಿಲ್ ನಿಮ್ಮ ಸಿಸ್ಟಮ್‌ನಲ್ಲಿ ಎಂಟ್ರಿ ಆಗಿದೆಯಾ?" ಅಂತ ಕೇಳಿದೆ. ಹುಡುಕಿ, "ಇಲ್ಲ ಮೇಡಂ, ಜಿಆರ್‌ಎನ್ ಆಗಿಲ್ಲ" ಅಂದರು. ಅಂದರೆ ಅವರ ಸ್ಟೋರ್ಸ್ ನಮ್ಮ ಮಾಲನ್ನು ಪುಸ್ತಕಕ್ಕೇ ತೆಗೆದುಕೊಂಡಿರಲಿಲ್ಲ. ಸ್ಟೋರ್ಸ್‌ಗೆ ಕೇಳಿದರೆ, 2,500 ಬಾಕ್ಸ್ ಬಿಲ್ ಆಗಿದೆ, ಎಣಿಸಿದಾಗ 2,450 ಇತ್ತು, ಆದ್ದರಿಂದ ಹಾಗೇ ಇಟ್ಟಿದ್ದೇವೆ ಅಂದರು. 25ರ ಎರಡು ಕಟ್ಟು ಕಡಿಮೆ. ನಮ್ಮ ಡೆಲಿವರಿ ಚಲನ್‌ನ ಕಾಪಿ ತೆಗೆದು ನೋಡಿದೆ. ಗೇಟಿನ ಸೀಲ್ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ 2450 ಅಂತ ಬರೆದಿತ್ತು. ಡ್ರೈವರ್ ತಂದುಕೊಟ್ಟಾಗ ನಾವ್ಯಾರೂ ಅದನ್ನು ನೋಡಿರಲಿಲ್ಲ. ಬಾಕ್ಸಿಗೆ 38ರಂತೆ 1,900 ರೂಪಾಯಿಗೆ ಕ್ರೆಡಿಟ್ ನೋಟ್ ಕೊಟ್ಟೆವು. ಜಿಆರ್‌ಎನ್ ಆಯಿತು, ಎಂಟನೇ ದಿನ 93,100 ಬಂತು. 1,900 ರೂಪಾಯಿ ತಕರಾರಿಗೆ 95,000 ನಿಂತಿತ್ತು. ಆ ಒದ್ದೆ ಬಾಕ್ಸಿನ 1,30,000 ಕೂಡ ಜನವರಿಯಲ್ಲಿ ಇಷ್ಟೇ ಸಣ್ಣ ತಕರಾರಾಗಿತ್ತೇನೋ. ಆಗ ನಾವು ಸುಮ್ನೆ ಕೂತಿದ್ದೆವು.

85,000ದ ಬಿಲ್‌ನಲ್ಲಿ ಪಿಒ ನಂಬರ್ ತಪ್ಪಿತ್ತು. ಸರಿಮಾಡಿ ಕಳಿಸಿದ ಮೇಲೆ ಬಂತು. 60,000 ಮತ್ತು 50,000 ನಾನು ಫೋನ್ ಮಾಡದಿದ್ದರೂ ಬರುತ್ತಿದ್ದವು, ಅದರ ಶ್ರೇಯ ನನ್ನದಲ್ಲ. ಒಟ್ಟು ಜುಲೈ ಕೊನೆಗೆ ಈ ಕಾಲಂನಿಂದ ಬಂದದ್ದು 2,88,100.

ಹಾಗಾದರೆ ಬಿಲ್ ತಾರೀಖಿನ ರಿಪೋರ್ಟ್ ಬೇಡವೇ? ಬೇಕು, ಆದರೆ ಬೇರೆ ಕೆಲಸಕ್ಕೆ. ಕಾನೂನಿನ ಗಡಿಯಾರ ನಮ್ಮ ಕ್ರೆಡಿಟ್ ದಿನ ಕೇಳಿಕೊಂಡು ಓಡುವುದಿಲ್ಲ. ಜಿಎಸ್‌ಟಿಯಲ್ಲಿ, ಬಿಲ್ ತಾರೀಖಿನಿಂದ 180 ದಿನದೊಳಗೆ ನಮಗೆ ಹಣ ಕೊಡದಿದ್ದರೆ ಕೊಂಡವರು ಆ ಬಿಲ್ಲಿನ ತೆರಿಗೆಗೆ ಪಡೆದ ಇನ್‌ಪುಟ್ ಕ್ರೆಡಿಟ್ಟನ್ನು ಬಡ್ಡಿ ಸೇರಿಸಿ ವಾಪಸ್ ಕಟ್ಟಬೇಕು. ಒದ್ದೆ ಬಾಕ್ಸಿನವರಿಗೆ ಜುಲೈ ಮಧ್ಯಕ್ಕೆ 180 ದಿನ ಮುಗಿಯುತ್ತಿತ್ತು. ಆರು ತಿಂಗಳು "ನೋಡೋಣ" ಅನ್ನುತ್ತಿದ್ದವರು, ತಾರೀಖು ಬರೆದು ಮೇಲ್ ಹಾಕಿದ ಮೇಲೆ ಮಾತಿಗೆ ಕೂತರು. ಎಷ್ಟಕ್ಕೆ ಮುಗಿಯುತ್ತದೋ ಇನ್ನೂ ಗೊತ್ತಿಲ್ಲ. ಇನ್ನೊಂದು ಗಡಿಯಾರ 45 ದಿನದ್ದು. ನಮ್ಮಂಥ ಉದ್ಯಮ್ ನೋಂದಣಿ ಇರುವ ಸಣ್ಣ ತಯಾರಕರ ಹಣವನ್ನು, ಒಪ್ಪಂದ ಏನೇ ಇದ್ದರೂ, ಮಾಲು ಒಪ್ಪಿಕೊಂಡ 45 ದಿನದೊಳಗೆ ಕೊಡಬೇಕು ಅನ್ನುತ್ತದೆ 2006ರ ಎಂಎಸ್‌ಎಂಇಡಿ ಕಾಯ್ದೆ. ಆ 60 ದಿನದ ಪಿಒ ತೋರಿಸಿ ನನ್ನ ಬಾಯಿ ಮುಚ್ಚಿಸಿದರಲ್ಲ, ಕಾನೂನು ಪ್ರಕಾರ ಆ 60 ದಿನದ ಷರತ್ತು ನಿಲ್ಲುವುದೇ ಇಲ್ಲ! ಆದರೆ ನಮ್ಮ ಅತಿ ದೊಡ್ಡ ಗಿರಾಕಿಗೆ ಈ ಮಾತು ಯಾರು ಹೇಳಬೇಕು ಅನ್ನೋದು ಓನರ್ ತಲೆನೋವು, ನನ್ನದಲ್ಲ.

ಈಗ ತಿಂಗಳ ಮೊದಲ ದಿನ `On Account` ಖಾಲಿ ಮಾಡುತ್ತೇನೆ. ಆಮೇಲೆ ಡ್ಯೂ ತಾರೀಖಿನ ರಿಪೋರ್ಟ್ ತೆಗೆದು, ಹೋದ ತಿಂಗಳ 1-30 ಕಾಲಂನಲ್ಲಿದ್ದ ಯಾವ ಬಿಲ್ ಈ ತಿಂಗಳು 31-60ಕ್ಕೆ ಜರುಗಿದೆ ಅಂತ ನೋಡುತ್ತೇನೆ. ಜುಲೈ 31ಕ್ಕೆ ಹಾಗೆ ಜರುಗಿದ್ದು ಆ ಐದರಲ್ಲಿ 70,000ದ ಬಿಲ್ ಒಂದೇ. ಜಿಆರ್‌ಎನ್ ಆಗಿದೆ, ತಕರಾರಿಲ್ಲ, ಬಿಲ್ ಪಾಸಾಗಿದೆ, ಆದರೂ ದುಡ್ಡು ಬರುತ್ತಿಲ್ಲ. ಅಂದರೆ ಅವರ ಹತ್ತಿರವೇ ದುಡ್ಡಿಲ್ಲ. ಅವರ ಹೊಸ ಆರ್ಡರ್ 1,200 ಬಾಕ್ಸ್ ಕಟ್ಟಿ ರೆಡಿ ಇದೆ. ಆಟೋಗೆ ತುಂಬಿಸಬೇಡಿ ಅಂತ ಡಿಸ್‌ಪ್ಯಾಚ್‌ನಲ್ಲಿ ಹೇಳಿದ್ದೇನೆ.