ಸ್ಟಾಕ್ ಇಳಿಸೋದು ಟ್ರಿಗರ್‌ನಲ್ಲಾ, ಆ್ಯಪ್ ಕೋಡ್‌ನಲ್ಲಾ?

ಆರ್ಡರ್ ಬಿದ್ದಾಗ ಸ್ಟಾಕ್ ಇಳಿಯಬೇಕು, ಅಷ್ಟೇ ಅಲ್ವಾ? ಟ್ರಿಗರ್‌ನಲ್ಲಿಟ್ಟರೆ ಯಾವ ಆ್ಯಪ್ ಬರೆದರೂ ಇಳಿಯುತ್ತೆ. ಆದರೆ ನಾನೊಮ್ಮೆ ಹಳೆಯ ಆರ್ಡರ್‌ಗಳನ್ನು ಇಂಪೋರ್ಟ್ ಮಾಡಿದಾಗ ಅದು ಪ್ರತಿ ಸಾಲಿಗೂ ಓಡಿ ಸ್ಟಾಕ್ ಮೈನಸ್‌ಗೆ ಹೋಯ್ತು, ಆ್ಯಪ್ ಕೋಡ್‌ನಲ್ಲಿ ಎಷ್ಟು ಹುಡುಕಿದರೂ ಕಾರಣ ಸಿಗಲಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ `\d order_items` ಕೊಟ್ಟ ಮೇಲೇ ಕೆಳಗೆ ಟ್ರಿಗರ್ ಹೆಸರು ಕಂಡಿದ್ದು.

ಟೆಸ್ಟಿಂಗ್‌ನಲ್ಲಿ ಆ್ಯಪ್ ಕೋಡ್ ಸಲೀಸು. ಲೆಕ್ಕದ ಫಂಕ್ಷನ್ ಒಂದನ್ನೇ ಓಡಿಸಬಹುದು. ಟ್ರಿಗರ್‌ಗೆ ನಿಜವಾದ ಡೇಟಾಬೇಸೇ ಬೇಕು.

ಡಿಪ್ಲಾಯ್? ಲೆಕ್ಕವನ್ನು ಆ್ಯಪ್ ಕರೆಯುವ ಪ್ರೊಸೀಜರ್ ಆಗಿ ಡೇಟಾಬೇಸ್‌ನಲ್ಲಿಟ್ಟರೆ ಅದನ್ನು ಬದಲಿಸೋದು ಒಂದೇ ಕಮಾಂಡ್, ಆದರೆ ಸರ್ವರ್‌ಗಳು ಒಂದೊಂದಾಗಿ ಅಪ್‌ಡೇಟ್ ಆಗುವಾಗ ಹಳೆಯ ಆ್ಯಪ್ ಕೂಡ ಹೊಸ ಪ್ರೊಸೀಜರನ್ನೇ ಕರೆಯುತ್ತೆ. ಪ್ಯಾರಾಮೀಟರ್ ಬದಲಾದರೆ `reduce_stock_v2` ಥರ ಹೊಸ ಹೆಸರು ಕೊಡಿ.

ಒಂದೇ ಆ್ಯಪ್ ಬರೆಯುತ್ತಿದ್ದರೆ ಕೋಡ್‌ನಲ್ಲೇ, ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಇಳಿಸಿ. ಮೂರ್ನಾಲ್ಕು ಆ್ಯಪ್ ಬರೆಯುತ್ತಿದ್ದರೆ, ಇಲ್ಲವೇ ಆಡಿಟ್ ಲಾಗ್ ತಪ್ಪಲೇಬಾರದಿದ್ದರೆ, ಟ್ರಿಗರ್ ವಾಸಿ.